ಬಾಂಡಿನ ಕ್ರೆಡಿಟ್ ರೇಟಿಂಗ್ ಮತ್ತು ಕ್ರೆಡಿಟ್ ಸ್ಪ್ರೆಡ್

ಬಾಂಡ್ ಎಂದರೆ ಸಾಲದ ಪತ್ರ. ಅದನ್ನು ಹೊರಡಿಸಿದ ಕಂಪನಿ ಅಥವಾ ಸರ್ಕಾರ ಹೇಳಿದ ದಿನಕ್ಕೆ ಹೇಳಿದಷ್ಟು ಬಡ್ಡಿಯನ್ನೂ ಅವಧಿ ತೀರಿದಾಗ ಅಸಲನ್ನೂ ಕೊಡಬೇಕು. ಕೊಡದಿದ್ದರೆ ಅದು ಸುಸ್ತಿ. ಸುಸ್ತಿಯಾಗುವ ಸಂಭವ ಎಷ್ಟೆಂದು ರೇಟಿಂಗ್ ಸಂಸ್ಥೆಯೊಂದು ಅಕ್ಷರಗಳಲ್ಲಿ ಕೊಡುವ ಅಭಿಪ್ರಾಯಕ್ಕೆ ಕ್ರೆಡಿಟ್ ರೇಟಿಂಗ್ ಎಂದು ಹೆಸರು. ಅದೇ ಸಂಭವವನ್ನು ಹೊರುವುದಕ್ಕಾಗಿ, ಅಷ್ಟೇ ಅವಧಿಯ ಸರ್ಕಾರಿ ಬಾಂಡಿನ ಬಡ್ಡಿಗಿಂತ ಹೆಚ್ಚಾಗಿ ಹೂಡಿಕೆದಾರನಿಗೆ ಸಿಗುವ ಬಡ್ಡಿಯೇ ಕ್ರೆಡಿಟ್ ಸ್ಪ್ರೆಡ್. ರೇಟಿಂಗನ್ನು ಸಮಿತಿಯೊಂದು ಕೂತು ನಿರ್ಧರಿಸುತ್ತದೆ. ಸ್ಪ್ರೆಡ್ಡನ್ನು ಮಾರುಕಟ್ಟೆ ವ್ಯವಹಾರ ನಡೆದಾಗಲೆಲ್ಲ ಹೊಸದಾಗಿ ನಿರ್ಧರಿಸುತ್ತದೆ. ಸಾಮಾನ್ಯ ದಿನಗಳಲ್ಲಿ ಎರಡೂ ಒಂದೇ ಮಾತು ಹೇಳುತ್ತವೆ. ಅವು ಬೇರೆ ಬೇರೆ ಮಾತು ಹೇಳತೊಡಗಿದಾಗ ಏನಾಗುತ್ತದೆ ಎಂಬುದಕ್ಕೆ ಭಾರತದ ಬಾಂಡ್ ಮಾರುಕಟ್ಟೆಯಲ್ಲೇ ಒಂದು ಸ್ಪಷ್ಟ ಉದಾಹರಣೆಯಿದೆ: 2018ರಿಂದ 2021ರವರೆಗಿನ ದಿವಾನ್ ಹೌಸಿಂಗ್ ಫೈನಾನ್ಸ್ ಕಾರ್ಪೊರೇಷನ್, ಅಂದರೆ ಡಿಎಚ್‌ಎಫ್‌ಎಲ್ ಪ್ರಕರಣ. ಈ ಲೇಖನ ಮುಖ್ಯವಾಗಿ ಅದನ್ನೇ ಹಿಡಿದು ಸಾಗುತ್ತದೆ.

ಅಕ್ಷರಗಳ ಅರ್ಥ

ಭಾರತದಲ್ಲಿ ದೀರ್ಘಾವಧಿ ಸಾಲಪತ್ರಗಳ ಶ್ರೇಣಿ ‘ಎಎಎ’ಯಿಂದ ಶುರುವಾಗಿ ಎಎ, ಎ, ಬಿಬಿಬಿ, ಬಿಬಿ, ಬಿ, ಸಿ ಎಂದು ಇಳಿಯುತ್ತಾ ‘ಡಿ’ಯಲ್ಲಿ ಮುಗಿಯುತ್ತದೆ. ನಡುವಿನ ಅಕ್ಷರಗಳಿಗೆ ಪ್ಲಸ್ ಅಥವಾ ಮೈನಸ್ ಸೇರಿಸಿ ಇನ್ನಷ್ಟು ಸಣ್ಣ ಮೆಟ್ಟಿಲುಗಳನ್ನು ಮಾಡುತ್ತಾರೆ. ಬಿಬಿಬಿ ಮೈನಸ್ ಮತ್ತು ಅದಕ್ಕಿಂತ ಮೇಲಿನದು ಹೂಡಿಕೆ ದರ್ಜೆ, ಅದರ ಕೆಳಗಿನದು ಸಟ್ಟಾ ದರ್ಜೆ. ಈ ಗೆರೆಗೆ ಕಾನೂನಿನ ತೂಕವೂ ಇದೆ. ಭವಿಷ್ಯನಿಧಿ, ಪಿಂಚಣಿ ನಿಧಿ, ವಿಮಾ ಕಂಪನಿಗಳು ಎಂಥ ಪತ್ರ ಕೊಳ್ಳಬಹುದು, ಎಷ್ಟು ಕೊಳ್ಳಬಹುದು ಎಂಬ ನಿಯಮಗಳು ರೇಟಿಂಗನ್ನು ಆಧರಿಸಿವೆ. ಹಾಗಾಗಿ ಒಂದು ಮೆಟ್ಟಿಲು ಇಳಿದರೆ ಕೆಲವು ದೊಡ್ಡ ಕೊಳ್ಳುವವರು ಇಷ್ಟವಿರಲಿ ಇಲ್ಲದಿರಲಿ ಹೊರಗೆ ಹೋಗಬೇಕಾಗುತ್ತದೆ.

ಅಕ್ಷರಗಳು ಮುಖ್ಯವಾಗಿ ಕ್ರಮವನ್ನು ಹೇಳುತ್ತವೆ, ಅಂತರವನ್ನಲ್ಲ. ಎಎಎಗಿಂತ ಎಎ ಕೆಳಗೆ, ಎಎಗಿಂತ ಎ ಕೆಳಗೆ ಎಂಬುದು ನಿಜ. ಆದರೆ ಮೆಟ್ಟಿಲುಗಳ ಎತ್ತರ ಒಂದೇ ಸಮನಾಗಿಲ್ಲ. ಎಸ್ ಅಂಡ್ ಪಿ ಸಂಸ್ಥೆಯ ಜಾಗತಿಕ ದಾಖಲೆಗಳ ಪ್ರಕಾರ ಬಿಬಿಬಿ ಗುಂಪಿನ ಸಾವಿರ ಕಂಪನಿಗಳಲ್ಲಿ ವರ್ಷಕ್ಕೆ ಸುಸ್ತಿಯಾಗುವುದು ಸರಾಸರಿ ಎರಡರ ಆಸುಪಾಸು. ಅದೇ ಸಂಸ್ಥೆಯ ಶ್ರೇಣಿಯ ಕೆಳತುದಿಯ ಸಿಸಿಸಿ ಗುಂಪಿಗೆ ಬಂದರೆ ನಾಲ್ಕರಲ್ಲಿ ಒಂದು ಒಂದೇ ವರ್ಷದೊಳಗೆ ಸುಸ್ತಿಯಾಗುತ್ತದೆ. ಮೇಲಿನ ಮೆಟ್ಟಿಲುಗಳು ಬಹುತೇಕ ಸಮತಟ್ಟು, ಕೆಳಗಿನವು ಕಡಿದು.

ಇನ್ನೊಂದು ವಿಷಯ ಪದೇ ಪದೇ ಮರೆತುಹೋಗುತ್ತದೆ. ಭಾರತದ ಸಂಸ್ಥೆಗಳು ಕೊಡುವ ಎಎಎ ದೇಶದೊಳಗಿನ ಅಳತೆ. ಇಲ್ಲಿನ ಕಂಪನಿಗಳನ್ನು ಒಂದಕ್ಕೊಂದು ಹೋಲಿಸಿ ಕೊಟ್ಟದ್ದು. ಎಸ್ ಅಂಡ್ ಪಿಯ ಜಾಗತಿಕ ಅಳತೆಯಲ್ಲಿ ಭಾರತ ಸರ್ಕಾರದ ರೇಟಿಂಗೇ ಬಹುಕಾಲ ಬಿಬಿಬಿ ಮೈನಸ್ ಆಗಿತ್ತು. 2025ರ ಆಗಸ್ಟಿನಲ್ಲಿ ಅದು ಬಿಬಿಬಿಗೆ ಏರಿತು. ದೇಶೀಯ ಎಎಎ ಪಡೆದ ಕಂಪನಿಯೊಂದು ಡಾಲರಿನಲ್ಲಿ ಸಾಲ ಎತ್ತಲು ಹೊರಟರೆ ಅದೇ ಅಕ್ಷರಗಳು ಅಲ್ಲಿ ಸಿಗುವುದಿಲ್ಲ.

‘ಡಿ’ಯ ವ್ಯಾಖ್ಯೆ ಮಾತ್ರ ಅತ್ಯಂತ ಖಚಿತ. ಬಾಂಡಿನ ಬಡ್ಡಿಯಲ್ಲಾಗಲೀ ಅಸಲಿನಲ್ಲಾಗಲೀ ಒಂದು ರೂಪಾಯಿ, ಒಂದೇ ದಿನ ತಡವಾದರೂ ಅದು ಸುಸ್ತಿ. ಬ್ಯಾಂಕು ಸಾಲವನ್ನು ವಸೂಲಾಗದ ಸಾಲವೆಂದು ಬರೆದುಕೊಳ್ಳಲು 90 ದಿನ ಕಾಯುತ್ತದೆ. ಬಾಂಡಿನ ಲೋಕದಲ್ಲಿ ಆ ಸೌಜನ್ಯವಿಲ್ಲ. ಈ ನಿಯಮದ ಬಿರುಸು ಡಿಎಚ್‌ಎಫ್‌ಎಲ್ ಪ್ರಕರಣದಲ್ಲಿ ಕಾಣುತ್ತದೆ.

ರೇಟಿಂಗ್ ಯಾರ ದುಡ್ಡಿನಲ್ಲಿ

1909ರಲ್ಲಿ ಜಾನ್ ಮೂಡಿ ಅಮೆರಿಕದ ರೈಲ್ವೆ ಬಾಂಡುಗಳಿಗೆ ಅಕ್ಷರಗಳನ್ನು ಕೊಟ್ಟು ಪುಸ್ತಕ ಮಾಡಿ ಮಾರಿದ. ಪುಸ್ತಕ ಕೊಂಡವನು ಹೂಡಿಕೆದಾರ, ಹಣ ಕೊಟ್ಟವನೂ ಅವನೇ. ಸುಮಾರು ಅರವತ್ತು ವರ್ಷ ಪದ್ಧತಿ ಹೀಗೆಯೇ ನಡೆಯಿತು. 1970ರಲ್ಲಿ ಪೆನ್ ಸೆಂಟ್ರಲ್ ರೈಲ್ವೆ ಕಂಪನಿ ದಿವಾಳಿಯಾದಾಗ ಅದರ ಅಲ್ಪಾವಧಿ ಪತ್ರ ಕೊಂಡವರು ಸಿಕ್ಕಿಬಿದ್ದರು. ಆಮೇಲೆ ಸಾಲ ಎತ್ತುವ ಕಂಪನಿಗಳೇ ತಮಗೆ ರೇಟಿಂಗ್ ಬೇಕೆಂದು ಬಂದವು. ಅದೇ ಹೊತ್ತಿಗೆ ಫೋಟೊಕಾಪಿ ಯಂತ್ರ ಬಂದು, ಒಬ್ಬ ಕೊಂಡ ಪುಸ್ತಕವನ್ನು ಹತ್ತು ಜನ ಓದುವಂತಾಯಿತು. 1970ರ ದಶಕದಲ್ಲಿ ಶುಲ್ಕ ಕೊಡುವವರು ಬದಲಾದರು: ರೇಟಿಂಗ್ ಪಡೆಯುವ ಕಂಪನಿಯೇ ರೇಟಿಂಗ್ ಕೊಡುವ ಸಂಸ್ಥೆಗೆ ಹಣ ಕೊಡುವ ಪದ್ಧತಿ ಬಂತು.

ಭಾರತದಲ್ಲಿ 1987ರಲ್ಲಿ ಕ್ರಿಸಿಲ್ ಸ್ಥಾಪನೆಯಾಗುವ ವೇಳೆಗೆ ಈ ಪದ್ಧತಿ ಬೇರೂರಿತ್ತು. ಇಕ್ರಾ, ಕೇರ್, ಇಂಡಿಯಾ ರೇಟಿಂಗ್ಸ್, ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿದ್ದ ಬ್ರಿಕ್‌ವರ್ಕ್ ಇವೆಲ್ಲ ಅದೇ ಹಾದಿಯಲ್ಲಿ ಬಂದವು. 1999ರಿಂದ ಇವು ಸೆಬಿಯ ನಿಯಂತ್ರಣದಲ್ಲಿವೆ. ಪರೀಕ್ಷೆ ಬರೆಯುವವನೇ ಪರೀಕ್ಷಕನಿಗೆ ಸಂಬಳ ಕೊಡುವ ಈ ಏರ್ಪಾಡು ಸರಿಯಲ್ಲವೆಂದು ಹಲವರು ಹೇಳುತ್ತಾರೆ. ಆದರೆ ಹೂಡಿಕೆದಾರರು ತಾವು ಹಣ ಕೊಡಲು ಸಿದ್ಧರಿಲ್ಲ, ಆದ್ದರಿಂದ ಅದೇ ಮುಂದುವರಿದಿದೆ.

ಹೆಚ್ಚುವರಿ ಬಡ್ಡಿಯ ಲೆಕ್ಕ

2018ರ ಮೇ ತಿಂಗಳಲ್ಲಿ ಡಿಎಚ್‌ಎಫ್‌ಎಲ್ ಸಾರ್ವಜನಿಕರಿಗೆ ಡಿಬೆಂಚರುಗಳನ್ನು ಮಾರಿತು. ಮುಖಬೆಲೆ ಒಂದೊಂದಕ್ಕೆ ₹1,000. ಕೇರ್ ಮತ್ತು ಬ್ರಿಕ್‌ವರ್ಕ್ ಎರಡೂ ಎಎಎ ಕೊಟ್ಟಿದ್ದವು. ಅವಧಿಗೆ ತಕ್ಕಂತೆ ಬಡ್ಡಿ ಶೇ 9ರ ಆಸುಪಾಸು. ಆಗ ಸರ್ಕಾರಿ ಬಾಂಡಿನ ಪ್ರತಿಫಲ ಶೇ 7.8ರ ಹತ್ತಿರ ಇತ್ತು. ಅಂದರೆ ಸ್ಪ್ರೆಡ್ ಸುಮಾರು ಶೇ 1.2, ಮಾರುಕಟ್ಟೆಯವರ ಮಾತಿನಲ್ಲಿ 120 ಬೇಸಿಸ್ ಪಾಯಿಂಟ್. ನಿವೃತ್ತಿಯ ಹಣ ಕೈಗೆ ಬಂದವರಿಗೆ ಇದು ಆಕರ್ಷಕ. ಬ್ಯಾಂಕ್ ಠೇವಣಿಗಿಂತ ಬಡ್ಡಿ ಹೆಚ್ಚು, ಮೇಲೆ ಅತ್ಯುನ್ನತ ಸುರಕ್ಷತೆ ಎಂಬ ಮೂರು ಅಕ್ಷರ.

ಈ ಶೇ 1.2 ಎಷ್ಟು ಅಪಾಯಕ್ಕೆ ಸರಿಹೋಗುತ್ತದೆ? ಲೆಕ್ಕ ಕಷ್ಟದ್ದಲ್ಲ. ₹1,000ವನ್ನು ಒಂದು ವರ್ಷ ಸರ್ಕಾರಕ್ಕೆ ಕೊಟ್ಟರೆ ₹1,078 ಬರುತ್ತದೆ. ಕಂಪನಿಗೆ ಕೊಟ್ಟರೆ ₹1,090. ಆದರೆ ಕಂಪನಿ ಸುಸ್ತಿಯಾದರೆ ಪೂರ್ತಿ ಹೋಗುವುದಿಲ್ಲ. ಅದರ ಆಸ್ತಿ ಮಾರಿ ಒಂದಷ್ಟು ವಸೂಲಾಗುತ್ತದೆ. ಅದು ₹400 ಎಂದಿಟ್ಟುಕೊಳ್ಳೋಣ. ಹಾಗಾದರೆ ಕಂಪನಿ ಉಳಿದರೆ ಸರ್ಕಾರಿ ಬಾಂಡಿಗಿಂತ ₹12 ಲಾಭ. ಮುಳುಗಿದರೆ ಬರಬೇಕಿದ್ದ ₹1,090ರ ಬದಲು ₹400, ಅಂದರೆ ₹690 ಕಡಿಮೆ. ಹನ್ನೆರಡನ್ನು ಆರುನೂರ ತೊಂಬತ್ತರಿಂದ ಭಾಗಿಸಿದರೆ ಶೇ 1.74. ಇಂಥ ಸಾವಿರ ಕಂಪನಿಗಳಲ್ಲಿ ವರ್ಷಕ್ಕೆ ಹದಿನೇಳು ಮುಳುಗಿದರೂ ಹೂಡಿಕೆದಾರನಿಗೆ ಸರ್ಕಾರಿ ಬಾಂಡಿನಷ್ಟೇ ಸಿಕ್ಕಂತಾಗುತ್ತದೆ, ನಷ್ಟವಿಲ್ಲ.

ಇದನ್ನು ಸಮತೋಲನ ಬಿಂದು ಎನ್ನಬಹುದು. ಸೂತ್ರವಾಗಿ ಹೇಳುವುದಾದರೆ, ಸ್ಪ್ರೆಡ್ ಎಂಬುದು ಸುಸ್ತಿಯ ಸಂಭವವನ್ನು ಸುಸ್ತಿಯಾದಾಗ ಆಗುವ ನಷ್ಟದ ಪ್ರಮಾಣದಿಂದ ಗುಣಿಸಿದಷ್ಟು ಇರಬೇಕು. ಐದು ವರ್ಷಕ್ಕೆ ವಿಸ್ತರಿಸಿದರೆ, ವರ್ಷಕ್ಕೆ ಶೇ 1.74ರಂತೆ ಐದು ವರ್ಷದೊಳಗೆ ಒಮ್ಮೆಯಾದರೂ ಸುಸ್ತಿಯಾಗುವ ಸಂಭವ ಸುಮಾರು ಶೇ 8.4. ಎಎಎ ಪತ್ರಗಳ ಚರಿತ್ರೆಯಲ್ಲಿ ಐದು ವರ್ಷಕ್ಕೆ ನೂರರಲ್ಲಿ ಎಂಟು ಎಂದೂ ಮುಳುಗಿರಲಿಲ್ಲ. ಹಾಗಾದರೆ ಮಾರುಕಟ್ಟೆ ಸುಮ್ಮನೆ ಉದಾರವಾಗಿ ಕೊಡುತ್ತಿತ್ತೇ?

ಸ್ಪ್ರೆಡ್ ನಷ್ಟಕ್ಕಿಂತ ಹೆಚ್ಚಿರುವುದೇಕೆ

ಇದು ಅರ್ಥಶಾಸ್ತ್ರದಲ್ಲಿ ಹಳೆಯ ಪ್ರಶ್ನೆ. ಕ್ರೆಡಿಟ್ ಸ್ಪ್ರೆಡ್ ಒಗಟು ಎಂದೇ ಅದಕ್ಕೆ ಹೆಸರಾಗಿದೆ. ಉತ್ತಮ ದರ್ಜೆಯ ಬಾಂಡುಗಳ ಸ್ಪ್ರೆಡ್ಡಿನಲ್ಲಿ ನಿರೀಕ್ಷಿತ ನಷ್ಟದ ಪಾಲು ಚಿಕ್ಕದು ಎಂದು 2001ರಲ್ಲಿ ಎಲ್ಟನ್, ಗ್ರೂಬರ್ ಮತ್ತು ಸಂಗಡಿಗರು ಅಮೆರಿಕದ ಅಂಕಿಅಂಶ ಇಟ್ಟು ತೋರಿಸಿದರು. ಅಲ್ಲಿ ಒಂದು ಪಾಲು ತೆರಿಗೆಯದು: ಸರ್ಕಾರಿ ಬಾಂಡಿನ ಬಡ್ಡಿಗೆ ರಾಜ್ಯಗಳ ಆದಾಯ ತೆರಿಗೆ ಇಲ್ಲ, ಕಂಪನಿ ಬಾಂಡಿನದಕ್ಕೆ ಇದೆ. ಭಾರತದಲ್ಲಿ ಎರಡರ ಬಡ್ಡಿಗೂ ತೆರಿಗೆ ಒಂದೇ ಆದ್ದರಿಂದ ಆ ಕಾರಣ ಇಲ್ಲಿ ನಿಲ್ಲುವುದಿಲ್ಲ. ಉಳಿದ ಕಾರಣಗಳು ನಿಲ್ಲುತ್ತವೆ.

ಮೊದಲನೆಯದು ನಷ್ಟದ ಆಕಾರ. ಬಾಂಡ್ ಕೊಂಡವನಿಗೆ ಸಿಗಬಹುದಾದ ಗರಿಷ್ಠ ಲಾಭ ಗೊತ್ತಿರುವುದು, ಅದೂ ಚಿಕ್ಕದು. ಕಂಪನಿ ಎಷ್ಟೇ ಬೆಳೆದರೂ ಶೇ 9ರ ಮೇಲೆ ಒಂದು ಪೈಸೆ ಬರುವುದಿಲ್ಲ. ನಷ್ಟ ಮಾತ್ರ ದೊಡ್ಡದು. ₹1,000ದ ಬಾಂಡಿನಲ್ಲಿ ವರ್ಷಕ್ಕೆ ಸಿಗುವ ಹೆಚ್ಚುವರಿ ₹12ರಿಂದ, ಒಂದು ಬಾಂಡ್ ಮುಳುಗಿ ಹೋದ ₹600 ಅಸಲನ್ನು ತುಂಬಬೇಕಾದರೆ ಐವತ್ತು ಬಾಂಡುಗಳು ಒಂದಿಡೀ ವರ್ಷ ದುಡಿಯಬೇಕು. ಮೇಲಿನ ಸಮತೋಲನದ ಲೆಕ್ಕ ಸಾವಿರ ಕಂಪನಿಗಳ ಪತ್ರ ಇಟ್ಟುಕೊಂಡವನಿಗೆ ಅನ್ವಯಿಸುತ್ತದೆ. ಐದಾರು ಬಾಂಡು ಇಟ್ಟುಕೊಂಡ ಮನೆಯವರಿಗೆ ಸರಾಸರಿ ಎಂಬುದೇ ಇಲ್ಲ. ಅವರ ಪಾಲಿಗೆ ಒಂದೋ ಪೂರ್ತಿ ಬಂತು, ಇಲ್ಲವೇ ಹೋಯಿತು. ಷೇರುಗಳಲ್ಲಿ ಇಪ್ಪತ್ತು ಮೂವತ್ತು ಕಂಪನಿಗಳಿಗೆ ಹಂಚಿದರೆ ಅಪಾಯ ಸಾಕಷ್ಟು ತಗ್ಗುತ್ತದೆ. ಬಾಂಡುಗಳಲ್ಲಿ ಅಷ್ಟು ಸಾಲದು, ನೂರಾರು ಬೇಕು.

ಎರಡನೆಯದು ಕಾಲ. ಕಂಪನಿಗಳು ಒಂದೊಂದಾಗಿ, ಚೆಲ್ಲಾಪಿಲ್ಲಿಯಾಗಿ ಮುಳುಗುವುದಿಲ್ಲ. ಕೆಟ್ಟ ಕಾಲದಲ್ಲಿ ಒಟ್ಟಿಗೆ ಮುಳುಗುತ್ತವೆ. ಹೂಡಿಕೆದಾರನ ನೌಕರಿ ಅಲುಗಾಡುತ್ತಿರುವಾಗ, ಷೇರುಗಳೂ ಮನೆಯ ಬೆಲೆಯೂ ಇಳಿದಿರುವಾಗಲೇ ಬಾಂಡೂ ಕೈಕೊಡುತ್ತದೆ. ಅಂಥ ಹೊತ್ತಿನ ನಷ್ಟಕ್ಕೆ ಸರಾಸರಿಗಿಂತ ಹೆಚ್ಚು ಪರಿಹಾರ ಕೇಳುವುದು ಸಹಜ. ಸ್ಪ್ರೆಡ್ಡಿನ ನಿಜವಾದ ‘ಕೂಲಿ’ ಎಂದರೆ ಈ ಭಾಗವೇ. ನಿರೀಕ್ಷಿತ ನಷ್ಟಕ್ಕೆ ಬರುವ ಭಾಗ ಒಂದಲ್ಲ ಒಂದು ದಿನ ನಷ್ಟಕ್ಕೇ ಹೋಗುತ್ತದೆ, ಅದು ಆದಾಯವಲ್ಲ. ಬ್ರೋಕರ್‌ಗಳ ಜಾಹೀರಾತಿನಲ್ಲಿ ಇಡೀ ಸ್ಪ್ರೆಡ್ಡನ್ನು ಆದಾಯವೆಂದು ತೋರಿಸುವುದು ವಾಡಿಕೆ, ಅದನ್ನು ನಂಬಬೇಕಾಗಿಲ್ಲ.

ಮೂರನೆಯದು ಮಾರುವ ಕಷ್ಟ. ಸರ್ಕಾರಿ ಬಾಂಡನ್ನು ಯಾವ ದಿನ ಬೇಕಾದರೂ ಮಾರಬಹುದು. ಕಂಪನಿ ಡಿಬೆಂಚರುಗಳಲ್ಲಿ ಬಹಳಷ್ಟು ವಾರಗಟ್ಟಲೆ ಕೈಬದಲಾಗುವುದಿಲ್ಲ. ತುರ್ತಾಗಿ ಮಾರಬೇಕಾದವನು ಬೆಲೆ ಬಿಟ್ಟುಕೊಡಬೇಕು. ಆ ಬಿಟ್ಟುಕೊಡುವ ಬೆಲೆಯನ್ನು ಕೊಳ್ಳುವಾಗಲೇ ಸ್ಪ್ರೆಡ್ಡಿಗೆ ಸೇರಿಸಿಕೊಂಡಿರುತ್ತಾರೆ.

ಸುಸ್ತಿಯ ಮೂಲವನ್ನು ಇನ್ನೊಂದು ಬದಿಯಿಂದ ನೋಡಿದವನು ರಾಬರ್ಟ್ ಮರ್ಟನ್. 1974ರ ಅವನ ಪ್ರಬಂಧದ ಸಾರ ಹೀಗಿದೆ. ಕಂಪನಿಯ ಆಸ್ತಿಯ ಬೆಲೆ ಸಾಲಕ್ಕಿಂತ ಕೆಳಗೆ ಬಿದ್ದರೆ ಷೇರುದಾರರು ಕಂಪನಿಯನ್ನು ಸಾಲ ಕೊಟ್ಟವರ ಕೈಗೆ ಬಿಟ್ಟು ನಡೆಯಬಹುದು. ತಮ್ಮ ಜೇಬಿನಿಂದ ತುಂಬಬೇಕಿಲ್ಲ. ಹಾಗೆ ಬಿಟ್ಟುಹೋಗುವ ಹಕ್ಕನ್ನು ಅವರಿಗೆ ಮಾರಿದವರು ಬಾಂಡ್ ಕೊಂಡವರು, ಸ್ಪ್ರೆಡ್ ಎಂಬುದು ಆ ಹಕ್ಕಿನ ಬೆಲೆ. ಹೀಗೆ ನೋಡಿದಾಗ ಸ್ಪ್ರೆಡ್ಡನ್ನು ಏರಿಸುವುದು ಯಾವುದೆಂದು ತಾನಾಗಿ ತಿಳಿಯುತ್ತದೆ: ಆಸ್ತಿಗೆ ಹೋಲಿಸಿದರೆ ಸಾಲ ಎಷ್ಟು, ಆ ಆಸ್ತಿಯ ಬೆಲೆ ಎಷ್ಟು ಓಲಾಡುತ್ತದೆ. ನೂರು ರೂಪಾಯಿ ಆಸ್ತಿಯಲ್ಲಿ ಮೂವತ್ತು ಸಾಲದ್ದಾಗಿದ್ದರೆ ಆಸ್ತಿ ಅರ್ಧಕ್ಕಿಳಿದರೂ ಸಾಲ ಕೊಟ್ಟವನು ಕ್ಷೇಮ. ಸಾಲ ಕೊಡುವುದನ್ನೇ ಕಸುಬು ಮಾಡಿಕೊಂಡ ಹಣಕಾಸು ಕಂಪನಿಗಳಲ್ಲಿ ನೂರಕ್ಕೆ ಎಂಬತ್ತೈದೋ ತೊಂಬತ್ತೋ ಸಾಲದ್ದೇ ಇರುತ್ತದೆ. ಅವು ಕೊಟ್ಟ ಸಾಲಗಳಲ್ಲಿ ಹತ್ತು ಹದಿನೈದು ಭಾಗ ಹುಸಿಯಾದರೆ ಷೇರುದಾರರ ಪದರ ಪೂರ್ತಿ ಕರಗಿ, ಮುಂದಿನ ಪೆಟ್ಟು ನೇರ ಬಾಂಡಿನ ಮೇಲೆ.

ಡಿಎಚ್‌ಎಫ್‌ಎಲ್: ಎಎಎಯಿಂದ ಡಿಗೆ

ಡಿಎಚ್‌ಎಫ್‌ಎಲ್ ಕೊಡುತ್ತಿದ್ದದ್ದು ಹದಿನೈದು ಇಪ್ಪತ್ತು ವರ್ಷಗಳ ಗೃಹಸಾಲ. ಅದಕ್ಕೆ ಹಣ ಎತ್ತುತ್ತಿದ್ದ ದಾರಿಗಳಲ್ಲಿ ಒಂದು ಕಮರ್ಷಿಯಲ್ ಪೇಪರ್, ಒಂದು ವರ್ಷದೊಳಗೆ ತೀರಿಸಬೇಕಾದ ಪತ್ರ. ಹಳೆಯ ಪತ್ರ ತೀರುವ ದಿನ ಹೊಸ ಪತ್ರ ಮಾರಿ ಹಣ ಹೊಂದಿಸುವುದು ಕ್ರಮ. ಹೊಸ ಪತ್ರ ಕೊಳ್ಳುವವರು ಇರುವವರೆಗೆ ಇದರಲ್ಲಿ ತೊಂದರೆಯಿಲ್ಲ.

2018ರ ಸೆಪ್ಟೆಂಬರಿನಲ್ಲಿ ಮೂಲಸೌಕರ್ಯಕ್ಕೆ ಸಾಲ ಕೊಡುವ ಐಎಲ್ ಅಂಡ್ ಎಫ್‌ಎಸ್ ಸಮೂಹ ಸುಸ್ತಿಯಾಯಿತು. ಕೆಲವೇ ವಾರಗಳ ಹಿಂದೆ ಅದೂ ಎಎಎ ದರ್ಜೆಯದೇ. ಆ ತಿಂಗಳ 21ರಂದು ಡಿಎಸ್‌ಪಿ ಮ್ಯೂಚುವಲ್ ಫಂಡ್ ತನ್ನಲ್ಲಿದ್ದ ಡಿಎಚ್‌ಎಫ್‌ಎಲ್ ಕಮರ್ಷಿಯಲ್ ಪೇಪರಿನಲ್ಲಿ ಸುಮಾರು ₹300 ಕೋಟಿಯಷ್ಟನ್ನು ಶೇ 11ರ ಪ್ರತಿಫಲಕ್ಕೆ ಮಾರಿದ ಸುದ್ದಿ ಹಬ್ಬಿತು. ಅಲ್ಪಾವಧಿಯ ಸರ್ಕಾರಿ ಹುಂಡಿಗಳು ಆಗ ಶೇ 7ರಿಂದ 7.5ರ ನಡುವೆ ಇದ್ದವು. ಎಎಎ ಕಂಪನಿಯ ಪತ್ರ ಶೇ 3.5ಕ್ಕಿಂತ ಹೆಚ್ಚು ಸ್ಪ್ರೆಡ್ಡಿಗೆ ಮಾರಾಟವಾಗಿತ್ತು. ಅದೇ ದಿನ ಕಂಪನಿಯ ಷೇರು ಶೇ 40ಕ್ಕಿಂತ ಹೆಚ್ಚು ಕುಸಿಯಿತು. ತಾವು ಮಾರಿದ್ದು ನಗದಿನ ಅಗತ್ಯ ಮತ್ತು ಬಡ್ಡಿದರದ ಲೆಕ್ಕಾಚಾರಕ್ಕಾಗಿ, ಕಂಪನಿಯ ಮೇಲಿನ ಅನುಮಾನದಿಂದಲ್ಲ ಎಂದು ಫಂಡಿನವರು ಹೇಳಿದರು. ಅದನ್ನು ಒಪ್ಪಿದರೂ ಒಂದು ಮಾತು ಉಳಿಯುತ್ತದೆ. ಸ್ಪ್ರೆಡ್ಡಿನಲ್ಲಿ ಅನುಮಾನದ ಪಾಲೆಷ್ಟು, ಮಾರುವ ಅವಸರದ ಪಾಲೆಷ್ಟು ಎಂದು ಹೊರಗಿನಿಂದ ಬಿಡಿಸಿ ನೋಡುವ ದಾರಿ ಇಲ್ಲ. ಹೊಸ ಪತ್ರ ಮಾರಿ ಹಳೆಯದನ್ನು ತೀರಿಸುವ ಕಂಪನಿಗೆ ಆ ಭೇದದಿಂದ ಉಪಯೋಗವೂ ಇಲ್ಲ. ಕೊಳ್ಳುವವರು ಹಿಂಜರಿದರೆ ಸಾಕು, ಅನುಮಾನ ತಾನೇ ನಿಜವಾಗುತ್ತದೆ.

ಮೇ ತಿಂಗಳಲ್ಲಿ ಡಿಬೆಂಚರ್ ಕೊಂಡವರ ಕೈಯಲ್ಲಿದ್ದ ಪತ್ರಕ್ಕೆ ಇದರ ಪರಿಣಾಮವೇನು? ಐದು ವರ್ಷ, ವರ್ಷಕ್ಕೆ ₹90 ಬಡ್ಡಿ, ಕೊನೆಗೆ ₹1,000 ಎಂದುಕೊಳ್ಳೋಣ. ಮಾರುಕಟ್ಟೆ ಆ ಪತ್ರಕ್ಕೆ ಶೇ 9ರ ಬದಲು ಶೇ 11 ಕೇಳಿದರೆ ಬೆಲೆ ₹926ಕ್ಕೆ ಇಳಿಯುತ್ತದೆ. ಇನ್ನೂ ಒಂದು ಪೈಸೆ ಸುಸ್ತಿಯಾಗಿಲ್ಲ, ರೇಟಿಂಗ್ ಬದಲಾಗಿಲ್ಲ, ಆದರೂ ಆರು ವರ್ಷಗಳ ಹೆಚ್ಚುವರಿ ಬಡ್ಡಿಗೆ ಸಮನಾದ ಹಣ ಹೋಯಿತು. ಬಾಂಡ್ ಹೂಡಿಕೆಯ ನಷ್ಟದಲ್ಲಿ ಬಹುಭಾಗ ಬರುವುದು ಹೀಗೆ, ಸುಸ್ತಿಗೆ ಮೊದಲೇ.

ರೇಟಿಂಗ್ ಮೊದಲ ಬಾರಿ ಇಳಿದದ್ದು ನಾಲ್ಕು ತಿಂಗಳು ಕಳೆದ ಮೇಲೆ. 2019ರ ಜನವರಿ ಕೊನೆಯಲ್ಲಿ ಕೋಬ್ರಾಪೋಸ್ಟ್ ಎಂಬ ಸುದ್ದಿ ಜಾಲತಾಣ, ಕಂಪನಿ ಸಾಲದ ಹೆಸರಿನಲ್ಲಿ ಭಾರಿ ಮೊತ್ತವನ್ನು ಪ್ರವರ್ತಕರಿಗೆ ಸಂಬಂಧಿಸಿದ ಕಂಪನಿಗಳಿಗೆ ಸಾಗಿಸಿದೆ ಎಂದು ಆರೋಪಿಸಿತು, ಕಂಪನಿ ಅಲ್ಲಗಳೆಯಿತು. ಫೆಬ್ರವರಿ ಮೊದಲ ವಾರ ಕೇರ್ ಎಎಎಯಿಂದ ಎಎ ಪ್ಲಸ್‌ಗೆ ಇಳಿಸಿತು. ಬಳಿಕ ಒಂದರ ಹಿಂದೊಂದು ಇಳಿತ. ಜೂನ್ 4ರಂದು ಕೊಡಬೇಕಿದ್ದ ಡಿಬೆಂಚರ್ ಬಡ್ಡಿಯನ್ನು ಕಂಪನಿ ಕೊಡಲಿಲ್ಲ. ಒಪ್ಪಂದದ ಪ್ರಕಾರ ಕೆಲವು ದಿನಗಳ ಗಡುವು ಇನ್ನೂ ಇದೆ ಎಂದು ಅದು ವಾದಿಸಿತು. ಒಂದು ದಿನ, ಒಂದು ರೂಪಾಯಿ ನಿಯಮದಲ್ಲಿ ಆ ವಾದಕ್ಕೆ ಜಾಗವಿರಲಿಲ್ಲ. ಜೂನ್ 5ರಂದು ರೇಟಿಂಗ್ ‘ಡಿ’ಗೆ ಬಂತು. ಬಾಕಿ ಬಡ್ಡಿಯನ್ನು ಒಂದು ವಾರದಲ್ಲಿ ಕೊಟ್ಟುಮುಗಿಸಿದ್ದಾಗಿ ಕಂಪನಿ ಪ್ರಕಟಿಸಿದರೂ ಅಷ್ಟರಲ್ಲಿ ಹೊಸ ಸಾಲದ ಬಾಗಿಲುಗಳೆಲ್ಲ ಮುಚ್ಚಿದ್ದವು. ತಿಂಗಳ ಕೊನೆಗೆ ತೀರಬೇಕಿದ್ದ ಕಮರ್ಷಿಯಲ್ ಪೇಪರಿನ ಹಣವನ್ನೂ ಪೂರ್ತಿ ಕೊಡಲಾಗಲಿಲ್ಲ.

ಮ್ಯೂಚುವಲ್ ಫಂಡುಗಳು ತಮ್ಮಲ್ಲಿದ್ದ ಈ ಪತ್ರಗಳ ಬೆಲೆಯನ್ನು ಜೂನ್ ಮೊದಲ ವಾರವೇ ಶೇ 75ರಷ್ಟು ಕತ್ತರಿಸಿ ಬರೆದುಕೊಂಡವು. ಸುರಕ್ಷಿತವೆಂದು ಹಣ ಇಟ್ಟಿದ್ದ ಸಾಲನಿಧಿ ಯೋಜನೆಗಳ ಯೂನಿಟ್ ಬೆಲೆ ಒಂದೇ ರಾತ್ರಿಯಲ್ಲಿ ಬಿದ್ದದ್ದನ್ನು ಕಂಡು, ರೇಟಿಂಗ್ ಎಂಬ ಮಾತನ್ನೇ ಕೇಳಿರದಿದ್ದವರೂ ಆ ವಾರ ಅದರ ಬಗ್ಗೆ ವಿಚಾರಿಸಿದರು.

ರೇಟಿಂಗ್ ಹೀಗೆ ಹಿಂದೆ ಬೀಳುವುದಕ್ಕೆ ಶುಲ್ಕದ ಹಂಗು ಒಂದೇ ಕಾರಣವಲ್ಲ. ರೇಟಿಂಗ್ ಸಂಸ್ಥೆಗಳು ಬೇಕೆಂದೇ ನಿಧಾನ. ದಿನದಿನದ ಏರಿಳಿತಕ್ಕೆ ಕುಣಿಯದೆ ವ್ಯಾಪಾರಚಕ್ರದ ಇಡೀ ಸುತ್ತನ್ನು ನೋಡಿ ಅಭಿಪ್ರಾಯ ಕೊಡುವುದು ಅವುಗಳ ಪದ್ಧತಿ. ಅದರ ಮೇಲೆ ಇಳಿಸುವ ಕ್ರಿಯೆಯೇ ಸುಸ್ತಿಯನ್ನು ತರಬಹುದೆಂಬ ಅಳುಕು. ಬಹುಮಟ್ಟಿಗೆ ಕಂಪನಿ ಕೊಟ್ಟ ಲೆಕ್ಕಪತ್ರಗಳನ್ನೇ ನಂಬಿ ನಡೆಯುವುದರಿಂದ, ಲೆಕ್ಕಪತ್ರವೇ ಸುಳ್ಳಾದಾಗ ಅವುಗಳ ಬಳಿ ಬೇರೆ ಕಣ್ಣಿಲ್ಲ. ಅಮೆರಿಕದ ಎನ್ರಾನ್ ಕಂಪನಿ 2001ರ ಡಿಸೆಂಬರ್ 2ರಂದು ದಿವಾಳಿ ಅರ್ಜಿ ಹಾಕಿತು. ಅದರ ನಾಲ್ಕು ದಿನ ಮುಂಚಿನವರೆಗೂ ಅದು ಹೂಡಿಕೆ ದರ್ಜೆಯಲ್ಲೇ ಇತ್ತು.

ಸ್ಪ್ರೆಡ್ ಬೇಗ ಅಲುಗುತ್ತದೆ ನಿಜ, ಆದರೆ ಅದೂ ಕಾರಣವಿಲ್ಲದೆ ಹೆದರುತ್ತದೆ. 2018ರ ಆ ಶರತ್ಕಾಲದಲ್ಲಿ ಬಹುತೇಕ ಎಲ್ಲ ಬ್ಯಾಂಕೇತರ ಹಣಕಾಸು ಕಂಪನಿಗಳ ಸ್ಪ್ರೆಡ್ ಏರಿತು. ಅವುಗಳಲ್ಲಿ ಹೆಚ್ಚಿನವು ಒಂದು ದಿನವೂ ತಡಮಾಡದೆ ಬಾಕಿ ತೀರಿಸಿದವು. ಆಗ ಧೈರ್ಯ ಮಾಡಿ ಕೊಂಡವರಿಗೆ ಸಿಕ್ಕ ಹೆಚ್ಚುವರಿ ಬಡ್ಡಿ, ಡಿಎಚ್‌ಎಫ್‌ಎಲ್ ಹಿಡಿದವರ ನಷ್ಟದ ಇನ್ನೊಂದು ಮುಖ.

ವಸೂಲಿ ಎಂಬ ಅರ್ಧ

ಲೆಕ್ಕದಲ್ಲಿ ನಾವು ಸುಮ್ಮನೆ ಇಟ್ಟುಕೊಂಡ ₹400ಕ್ಕೆ ನಿಜದಲ್ಲಿ ಬೆಲೆ ಕಟ್ಟುವುದು ಕಷ್ಟ. 2019ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಡಿಎಚ್‌ಎಫ್‌ಎಲ್‌ನ ಆಡಳಿತ ಮಂಡಳಿಯನ್ನು ತೆಗೆದುಹಾಕಿ ಆಡಳಿತಾಧಿಕಾರಿಯನ್ನು ನೇಮಿಸಿತು. ದಿವಾಳಿ ಸಂಹಿತೆಯಡಿ ಬಂದ ಮೊದಲ ಹಣಕಾಸು ಕಂಪನಿ ಅದು. ಸಾಲ ಕೊಟ್ಟವರ ಒಟ್ಟು ಹಕ್ಕುಸಾಧನೆ ಸುಮಾರು ₹87,000 ಕೋಟಿ. ಪಿರಮಲ್ ಸಮೂಹ ₹34,250 ಕೋಟಿಗೆ ಕಂಪನಿಯನ್ನು ಪಡೆಯಿತು. ನೂರಕ್ಕೆ ಹೆಚ್ಚುಕಡಿಮೆ ನಲವತ್ತು, ಅಂದರೆ ನಮ್ಮ ₹400ಕ್ಕೆ ತೀರಾ ಹತ್ತಿರ.

ಆದರೆ ಆ ನಲವತ್ತರ ಒಳಗೆ ಎರಡು ಸಂಗತಿಗಳಿವೆ. ಹಣ ಬಂದದ್ದು 2021ರ ಸೆಪ್ಟೆಂಬರಿನಲ್ಲಿ, ಸುಸ್ತಿಯಾಗಿ ಎರಡು ವರ್ಷ ಮೂರು ತಿಂಗಳ ನಂತರ. ಎರಡೂಕಾಲು ವರ್ಷ ಬಡ್ಡಿಯಿಲ್ಲದೆ ಕಾದು ಸಿಗುವ ₹400ನ್ನು ಶೇ 9ರ ಬಡ್ಡಿಯಲ್ಲಿ ಸುಸ್ತಿಯಾದ ದಿನದ ಬೆಲೆಗೆ ತಂದರೆ ಸುಮಾರು ₹330 ಮಾತ್ರ. ಎರಡನೆಯದಾಗಿ ಆ ಮೊತ್ತವೆಲ್ಲ ನಗದಲ್ಲ. ಅರ್ಧಕ್ಕಿಂತ ಹೆಚ್ಚು ಪಾಲು ಶೇ 6.75 ಬಡ್ಡಿಯ, ಹತ್ತು ವರ್ಷಗಳ ಹೊಸ ಡಿಬೆಂಚರುಗಳ ರೂಪದಲ್ಲಿತ್ತು. ಒಂದು ಕಂಪನಿಯ ಸಾಲಪತ್ರ ಕಳೆದುಕೊಂಡವರಿಗೆ ಇನ್ನೊಂದು ಕಂಪನಿಯ ಸಾಲಪತ್ರ ಸಿಕ್ಕಿತು. ಒಂದೇ ಕಂಪನಿಯಲ್ಲಿ ಹಣ ಇಟ್ಟವರಲ್ಲೂ ಎಲ್ಲರಿಗೂ ಸಮಪಾಲಾಗಲಿಲ್ಲ. ಠೇವಣಿ ಇಟ್ಟವರ ಪಾಲು ಸರಾಸರಿಗಿಂತ ಸಾಕಷ್ಟು ಕಡಿಮೆಯಾಯಿತು.

ಡಿಬೆಂಚರಿನ ಹೆಸರಿನಲ್ಲಿರುವ ‘ಭದ್ರತೆಯುಳ್ಳ’ ಎಂಬ ಪದ ಇಲ್ಲಿ ಹೆಚ್ಚು ಕೆಲಸ ಮಾಡಲಿಲ್ಲ ಎಂಬುದನ್ನು ಗಮನಿಸಬೇಕು. ಭದ್ರತೆಯೆಂದರೆ ಕಂಪನಿ ಕೊಟ್ಟಿದ್ದ ಗೃಹಸಾಲಗಳೇ. ಆ ಸಾಲಗಳು ಗಟ್ಟಿಯಾಗಿದ್ದರೆ ಭದ್ರತೆಯೂ ಗಟ್ಟಿ. ಅವೇ ಟೊಳ್ಳಾದಾಗ ಭದ್ರತೆ ಬೇಕಾದ ಹೊತ್ತಿಗೇ ಇಲ್ಲವಾಗುತ್ತದೆ. ವಸೂಲಿಯ ಪ್ರಮಾಣ ಸ್ಥಿರ ಸಂಖ್ಯೆಯಲ್ಲ, ಸುಸ್ತಿ ಹೆಚ್ಚಾದ ವರ್ಷಗಳಲ್ಲಿ ಅದು ತಾನೂ ಕುಗ್ಗುತ್ತದೆ ಎಂಬುದು ಹಲವು ದೇಶಗಳ ಅನುಭವ. ಸುಸ್ತಿಯ ಸಂಭವವನ್ನೂ ನಷ್ಟದ ಪ್ರಮಾಣವನ್ನೂ ಬೇರೆ ಬೇರೆಯಾಗಿ ಅಂದಾಜು ಮಾಡಿ ಗುಣಿಸುವ ಸರಳ ಸೂತ್ರ ಈ ಕಾರಣಕ್ಕೆ ಅಪಾಯವನ್ನು ಕಡಿಮೆ ತೋರಿಸುತ್ತದೆ.

ಪತ್ರ ಓದುವ ಬಗೆ

ರೇಟಿಂಗ್ ಕೊಟ್ಟಾಗ ಸಂಸ್ಥೆ ತನ್ನ ಜಾಲತಾಣದಲ್ಲಿ ಕಾರಣಗಳ ಟಿಪ್ಪಣಿಯನ್ನೂ ಪ್ರಕಟಿಸುತ್ತದೆ. ಅಕ್ಷರಕ್ಕಿಂತ ಅದರಲ್ಲಿ ಹೆಚ್ಚು ವಿಷಯವಿರುತ್ತದೆ. ಮುಂದಿನ ಒಂದು ವರ್ಷದಲ್ಲಿ ಕಂಪನಿಗೆ ಬರಬೇಕಾದದ್ದೆಷ್ಟು, ಅದು ಕೊಡಬೇಕಾದದ್ದೆಷ್ಟು ಎಂಬ ಭಾಗವನ್ನು ಮೊದಲು ನೋಡಬೇಕು. ಕೊಡುವುದು ಬರುವುದಕ್ಕಿಂತ ಬಹಳ ಹೆಚ್ಚಿದ್ದು, ಕೈಯಲ್ಲಿ ನಗದೋ ಬ್ಯಾಂಕಿನ ಮಂಜೂರಾದ ಸಾಲವೋ ಇಲ್ಲದಿದ್ದರೆ ಆ ಕಂಪನಿ ಪ್ರತಿ ತಿಂಗಳೂ ಮಾರುಕಟ್ಟೆಯ ದಯೆಯಲ್ಲಿದೆ. ಟಿಪ್ಪಣಿಯಲ್ಲಿ ‘ನೆಗೆಟಿವ್ ಔಟ್‌ಲುಕ್’ ಎಂದಿದ್ದರೆ ಮುಂದೆ ಇಳಿಸುವ ಸಾಧ್ಯತೆ ಹೆಚ್ಚೆಂದು ಅರ್ಥ. ‘ಇಷ್ಯೂಯರ್ ನಾಟ್ ಕೋಆಪರೇಟಿಂಗ್’ ಎಂದಿದ್ದರೆ ಕಂಪನಿ ಮಾಹಿತಿ ಕೊಡುವುದನ್ನು ನಿಲ್ಲಿಸಿದೆ, ಸಂಸ್ಥೆ ಹಳೆಯ ಕಾಗದಗಳ ಮೇಲೆ ಅಕ್ಷರ ಉಳಿಸಿಕೊಂಡಿದೆ ಎಂದು. ಎರಡನೆಯದು ಸಾಮಾನ್ಯವಾಗಿ ಕೆಟ್ಟ ಸುದ್ದಿ.

ಆಮೇಲೆ ಸ್ಪ್ರೆಡ್. ಕಂಪನಿ ಬಾಂಡುಗಳ ವ್ಯವಹಾರಗಳನ್ನು ಷೇರುಪೇಟೆಗಳಿಗೆ ವರದಿ ಮಾಡುವುದು ಕಡ್ಡಾಯ. ಎನ್‌ಎಸ್‌ಇ, ಬಿಎಸ್‌ಇ ಜಾಲತಾಣಗಳಲ್ಲಿ ಯಾವ ಪತ್ರ ಎಷ್ಟು ಪ್ರತಿಫಲಕ್ಕೆ ಕೈಬದಲಾಯಿತೆಂದು ನೋಡಬಹುದು. ಸ್ಪ್ರೆಡ್ ಎಷ್ಟಿದೆ ಎನ್ನುವುದಕ್ಕಿಂತ, ಅದೇ ರೇಟಿಂಗ್ ಅದೇ ಅವಧಿಯ ಬೇರೆ ಪತ್ರಗಳಿಗಿಂತ ಎಷ್ಟು ಹೆಚ್ಚಿದೆ ಎಂಬುದು ಮುಖ್ಯ. ಎಎಎ ಎಂದು ಬರೆದ ಪತ್ರ ತಿಂಗಳುಗಟ್ಟಲೆ ಎಎ ಪತ್ರಗಳ ಬಡ್ಡಿಗೆ ಮಾರಾಟವಾಗುತ್ತಿದ್ದರೆ ದೊಡ್ಡ ಹೂಡಿಕೆದಾರರು ಅದನ್ನು ಆಗಲೇ ಎಎ ಎಂದು ಲೆಕ್ಕ ಹಾಕಿದ್ದಾರೆ. ವ್ಯವಹಾರವೇ ವಿರಳವಾದ ಪತ್ರಗಳಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ. ಯಾವುದೋ ಒಂದು ದಿನ ಒಬ್ಬರು ಅವಸರದಲ್ಲಿ ಮಾರಿದ ಬೆಲೆ ಏನನ್ನೂ ಹೇಳದೆ ಇರಬಹುದು.

ಕೊನೆಗೆ, ರೇಟಿಂಗ್ ಇರುವುದು ಪತ್ರಕ್ಕೆ, ಕಂಪನಿಯ ಹೆಸರಿಗಲ್ಲ. ಒಂದೇ ಬ್ಯಾಂಕಿನ ಠೇವಣಿ, ಬಾಂಡ್, ಬಂಡವಾಳದ ಕೊರತೆ ತುಂಬಲೆಂದೇ ಹೊರಡಿಸಿದ ಕೆಳದರ್ಜೆಯ ಬಾಂಡ್ ಇವುಗಳ ಪಾಡು ಬೇರೆ ಬೇರೆ. 2020ರ ಮಾರ್ಚಿನಲ್ಲಿ ಯೆಸ್ ಬ್ಯಾಂಕನ್ನು ಪಾರುಮಾಡಿದಾಗ ಅದರ ಠೇವಣಿದಾರರಿಗೆ ಒಂದು ರೂಪಾಯಿಯೂ ನಷ್ಟವಾಗಲಿಲ್ಲ, ಷೇರುದಾರರ ಕೈಯಲ್ಲೂ ಷೇರುಗಳು ಉಳಿದವು. ‘ಎಟಿ-1’ ಎಂಬ ಬಾಂಡ್ ಕೊಂಡಿದ್ದವರ ₹8,415 ಕೋಟಿಯನ್ನು ಮಾತ್ರ ಲೆಕ್ಕದಿಂದ ಪೂರ್ತಿ ಅಳಿಸಲಾಯಿತು. ಠೇವಣಿಗಿಂತ ಹೆಚ್ಚು ಬಡ್ಡಿ ಕೊಡುತ್ತದೆಂದು ಬ್ಯಾಂಕಿನ ಶಾಖೆಯಲ್ಲೇ ಕೊಂಡವರೂ ಅವರಲ್ಲಿದ್ದರು. ಹಾಗೆ ಅಳಿಸಿದ್ದನ್ನು ಬಾಂಬೆ ಹೈಕೋರ್ಟ್ 2023ರ ಜನವರಿಯಲ್ಲಿ ರದ್ದುಮಾಡಿತು, ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು.